ತಾಟಿನ ಮುಂದಿನ ದೂತಿ

ಶ್ರೀಕೃಷ್ಣ ಪಾರಿಜಾತದ ಕತೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ನಾರದ ತಂದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಡುತ್ತಾನೆ, ಸತ್ಯಭಾಮೆ ಮುನಿಸಿಕೊಳ್ಳುತ್ತಾಳೆ, ನಡುವೆ ದೂತಿ ಓಡಾಡುತ್ತಾಳೆ. ಅದಕ್ಕೆ ಬಯಲಾಟದ ರೂಪ ಕೊಟ್ಟ ತಮ್ಮಣ್ಣನ ಊರು ಕುಲಗೋಡ, ಈಗಿನ ಮೂಡಲಗಿ ತಾಲ್ಲೂಕಿನದು. ನನ್ನ ಪಿಎಚ್.ಡಿ. ಆ ದೂತಿಯ ಮೇಲೆಯೇ. ಈ ಸಲ ಪಂಚಮಿಗೆ ಗೋಕಾಕದ ನಮ್ಮ ಮನೆಯಲ್ಲಿ ಅದರ ಅಣಕು ಪ್ರಯೋಗ ನೋಡುವ ಯೋಗ ಬಂತು.

ಅತ್ತಿಯರಿಬ್ಬರೂ ತವರಿಗೆ ಬಂದಿದ್ದರು. ಅಪ್ಪ ಮೂಡಲಗಿ ಅತ್ತಿಗೆ ತಂದ ಇಳಕಲ್ಲ ಸೀರೆಯ ಫೋಟೋವನ್ನು ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದ. ಹುಕ್ಕೇರಿ ಅತ್ತಿಯದು ಇನ್ನೂ ಅಂಗಡಿಯಲ್ಲಿತ್ತು, ಸೆರಗಿಗೆ ಗೊಂಡೆ ಕಟ್ಟಿಸಲು ಕೊಟ್ಟಿದ್ದ. ಅದನ್ನು ಬರೆಯಲಿಲ್ಲ.

ರಾತ್ರಿ ಊಟಕ್ಕೆ ಕುಳಿತಾಗ ಎಡಗೈಯಲ್ಲಿ ಫೋನು, ಬಲಗೈಯಲ್ಲಿ ರೊಟ್ಟಿ. ಅಡುಗೆಮನೆಯಿಂದ ಅವ್ವ ಗುಂಪಿನಲ್ಲೇ ಕೇಳಿದಳು, 'ಯಾರ್‍ಯಾರಿಗೆ ರೊಟ್ಟಿ ಬೇಕು?' ತಮ್ಮ ಎರಡು ಬೆರಳಿನ ಚಿತ್ರ ಒತ್ತಿದ. ಮೂಡಲಗಿ ಅತ್ತಿ ಎಣ್ಣಿಗಾಯಿಗೆ ಹೆಬ್ಬೆರಳು ಎತ್ತಿದಳು. ಹುಕ್ಕೇರಿ ಅತ್ತಿ ಬರೆದದ್ದು ಒಂದೇ ಸಾಲು: 'ನನಗ ಸಾಕು.'

ಅಪ್ಪ ಓದಿ ಕೈ ತಡೆದ. ರೊಟ್ಟಿ ಸಾಕೋ, ತವರೇ ಸಾಕೋ? ನಾಲ್ಕು ಮೊಳ ದೂರದಲ್ಲಿ ಅತ್ತಿ ತನ್ನ ಸಾಲಿನ ಕೆಳಗಿನ ಎರಡು ಗೆರೆಗಳನ್ನೇ ನೋಡುತ್ತಿದ್ದಳು. ಅವು ನೀಲಿಯಾಗಲಿಲ್ಲ. ಗುಂಪಿನಲ್ಲಿ ಒಬ್ಬ ಓದಿದರೆ ಗೆರೆ ನೀಲಿಯಾಗುವುದಿಲ್ಲ, ಎಲ್ಲರೂ ಓದಬೇಕು. ಪುಣೆಯಲ್ಲಿ ರಾತ್ರಿಪಾಳಿಯಲ್ಲಿದ್ದ ಅಣ್ಣ ಇನ್ನೂ ಓದಿರಲಿಲ್ಲ. ಆ ಸಾಲನ್ನು ಒತ್ತಿ ಹಿಡಿದು ವಿವರ ತೆಗೆದಿದ್ದರೆ ಯಾರು ಓದಿದ್ದಾರೆಂದು ಹೆಸರು ಹೆಸರಾಗಿ ಕಾಣುತ್ತಿತ್ತು. ಅತ್ತಿಗೆ ಅದು ಗೊತ್ತಿಲ್ಲ. ಅಣ್ಣ ತನ್ನ ಮಾತನ್ನು ತೆರೆದೂ ನೋಡಲಿಲ್ಲ ಎಂದುಕೊಂಡು ಇನ್ನೊಂದು ಸಾಲು ಬರೆದಳು, ಅಳಿಸಿದಳು. ಅಳಿಸಿದ್ದರ ಗುರುತು ಮಾತ್ರ ಎಲ್ಲರ ಫೋನಿನಲ್ಲಿ ಉಳಿಯಿತು. ಬೈಗುಳವನ್ನಾದರೂ ಮರೆಯಬಹುದು. ಏನು ಅಳಿಸಿದಳು ಎಂಬ ಊಹೆಗೆ ಕೊನೆಯಿಲ್ಲ.

ಫೋನಿಲ್ಲದವಳು ಆಯಿ ಒಬ್ಬಳೇ. ಆಕೆಗೆ ಕಂಡದ್ದು ಮಗಳ ತಾಟಿನಲ್ಲಿ ಮುರಿಯದೇ ಉಳಿದ ರೊಟ್ಟಿ.

'ಏ ತಮ್ಮಾ, ಆಕೀದು ಎಲ್ಲಿ ಇಟ್ಟೀಯೋ ಸೀರಿ?' ಎಂದಳು.

'ಗೊಂಡೆ ಕಟ್ಟಾಕ ಕೊಟ್ಟೇನಿ ಯವ್ವಾ. ನಾಳೆ ಬರ್ತೈತಿ.'

'ಕೇಳಿದ್ಯಾ? ನಿಂದು ಚಲೋ ಆಗ್ಲಿ ಅಂತ ತಡಾ ಮಾಡ್ಯಾನ. ಉಣ್ಣು.'

ಅಪ್ಪ ಹಾಗೆ ಅಂದಿರಲಿಲ್ಲ. ಪಾರಿಜಾತದ ದೂತಿಯೂ ಕೊಟ್ಟ ಮಾತನ್ನು ಕೊಟ್ಟಂತೆ ಒಯ್ಯುವವಳಲ್ಲ. ಮುಖ ನೋಡಿ ಸ್ವಲ್ಪ ಸೇರಿಸುತ್ತಾಳೆ, ಸ್ವಲ್ಪ ನುಂಗುತ್ತಾಳೆ, ಇಬ್ಬರನ್ನೂ ಗೇಲಿ ಮಾಡುತ್ತಾಳೆ. ಮುನಿಸು ಇಳಿಯುವುದು ಆ ಬೆರಕೆಯಿಂದ. ಫೋನು ಒಂದಕ್ಷರವೂ ಬದಲಿಸದ ಪ್ರಾಮಾಣಿಕ ದೂತಿ. 'ಸಾಕು' ಎಂದರೆ 'ಸಾಕು' ಎಂದೇ ಮುಟ್ಟಿಸುತ್ತದೆ. ಆದರೆ ಅದನ್ನು ಅಂದವಳ ದನಿ ಒಯ್ಯುವುದು ಅದಕ್ಕೆ ಬಾರದು.