ಊರಲ್ಲಿಲ್ಲದವನ ಕುರ್ಚಿ

ಪುಣೆಯಲ್ಲಿ ಕಂಪನಿ ಸೆಕ್ರೆಟರಿಯಾಗಿ ವೃತ್ತಿ ನಡೆಸುವ ನನ್ನಂಥವರ ಬಳಿಗೆ ಪ್ರತಿ ಬೇಸಿಗೆಯಲ್ಲೂ ಒಂದೇ ಬಗೆಯ ಪ್ರಶ್ನೆ ಬರುತ್ತದೆ. ಭೋಸರಿಯಲ್ಲೋ ಚಾಕಣದಲ್ಲೋ ಸಣ್ಣ ಕಾರ್ಖಾನೆ ಕಟ್ಟಿದ ಹಿರಿಯರು ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಡುತ್ತಾರೆ. ಆರು ತಿಂಗಳ ವೀಸಾ ಕೈಯಲ್ಲಿರುತ್ತದೆ, ಮೆಂತ್ಯದ ಹಿಟ್ಟು ಪೆಟ್ಟಿಗೆ ಸೇರಿರುತ್ತದೆ. ಆಗ ಯಾರಿಗೋ ನೆನಪಾಗುತ್ತದೆ: ಇಷ್ಟು ದಿನ ನಿರ್ದೇಶಕ ಮಂಡಳಿಯಲ್ಲಿ ಇವರ ಕುರ್ಚಿಯಲ್ಲಿ ಕೂರುವವರು ಯಾರು? ಕಾನೂನು ಇದಕ್ಕೆ ಉತ್ತರ ಹೇಳುವ ಮುನ್ನ ಇನ್ನೊಂದು ಪ್ರಶ್ನೆಯನ್ನು ಕೇಳುತ್ತದೆ: ಆ ಕುರ್ಚಿಯವರು ಊರಲ್ಲಿಲ್ಲವೋ, ಅಥವಾ ಆ ಕುರ್ಚಿಯೇ ತೆರವಾಗಿದೆಯೋ? ಎರಡೂ ನೋಡಲು ಒಂದೇ, ಖಾಲಿ ಕುರ್ಚಿ. ಆದರೆ ಮೊದಲನೆಯದರಲ್ಲಿ ಕುರ್ಚಿಗೆ ಒಡೆಯನಿದ್ದಾನೆ, ಎರಡನೆಯದರಲ್ಲಿ ಇಲ್ಲ.

‘ಊರಲ್ಲಿಲ್ಲ’ ಎಂಬುದರ ಅರ್ಥವೂ ಕಾಲಕ್ಕೆ ತಕ್ಕಂತೆ ಬದಲಾಗಿದೆ. 1956ರ ಕಂಪನಿ ಕಾಯಿದೆಯ 313ನೆಯ ಕಲಮಿನ ಪ್ರಕಾರ, ಮಂಡಳಿಯ ಸಭೆಗಳು ಸಾಮಾನ್ಯವಾಗಿ ನಡೆಯುವ ರಾಜ್ಯದಿಂದ ನಿರ್ದೇಶಕನೊಬ್ಬ ಮೂರು ತಿಂಗಳಿಗೆ ಕಡಿಮೆಯಿಲ್ಲದಂತೆ ಹೊರಗಿದ್ದರೆ ಸಾಕು, ಅವನ ಬದಲಿಗೆ ಪರ್ಯಾಯ ನಿರ್ದೇಶಕನನ್ನು ನೇಮಿಸಬಹುದಿತ್ತು. ಗೆರೆ ಇದ್ದದ್ದು ದೇಶದ ಗಡಿಯಲ್ಲಲ್ಲ, ರಾಜ್ಯದ ಗಡಿಯಲ್ಲಿ. ಆ ಕಾಯಿದೆ ಜಾರಿಗೆ ಬಂದದ್ದು 1956ರ ಏಪ್ರಿಲ್ 1ರಂದು. ಅಂದು ಧಾರವಾಡವೂ ಪುಣೆಯೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ಪುಣೆಯ ಕಂಪನಿಯ ನಿರ್ದೇಶಕ ಧಾರವಾಡದ ಮನೆಯಲ್ಲಿ ನಾಲ್ಕು ತಿಂಗಳು ಕಳೆದರೂ ಕಾನೂನಿನ ಕಣ್ಣಿಗೆ ಅವನು ಇಲ್ಲಿಯೇ ಇದ್ದಂತೆ. ಅದೇ ವರ್ಷದ ನವೆಂಬರ್ 1ರಂದು ಧಾರವಾಡ ಮೈಸೂರು ರಾಜ್ಯಕ್ಕೆ ಸೇರಿತು. ಆಮೇಲೆ ಅದೇ ಮನೆಯಲ್ಲಿ ಅಷ್ಟೇ ದಿನ ಕಳೆದರೆ ಅವನು ಗೈರುಹಾಜರು! ಕಂಪನಿಯೇ ಊರು ಬದಲಿಸಿದರೆ ಗೆರೆಯೂ ಅದರ ಬೆನ್ನಿಗೆ ಸಾಗುತ್ತಿತ್ತು. 1981ರ ಜುಲೈಯಲ್ಲಿ ಪುಣೆಯಲ್ಲಿ ನೋಂದಾಯಿತವಾದ ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಹೋಯಿತು; ಅದರ ಸ್ಥಾಪಕರಲ್ಲಿ ಹಲವರು ಆ ಮೊದಲ ವರ್ಷಗಳಲ್ಲಿ ಗಿರಾಕಿಯ ಕೆಲಸಕ್ಕಾಗಿ ಅಮೆರಿಕದಲ್ಲಿದ್ದರು. ಹಾಗೆ ಸಭೆಯ ಸ್ಥಳ ಬದಲಾದ ಯಾವುದೇ ಕಂಪನಿಯಲ್ಲಿ ಪುಣೆಯಲ್ಲೇ ಉಳಿದವನೂ, ಅಮೆರಿಕದಲ್ಲಿರುವವನೂ ಆ ಕಲಮಿನ ಮುಂದೆ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದರು. 2013ರ ಕಾಯಿದೆ ಈ ಗೆರೆಯನ್ನು ದೇಶದ ಗಡಿಗೆ ಒಯ್ದಿತು. ಈಗ ಮೂರು ತಿಂಗಳಿಗೆ ಕಡಿಮೆಯಿಲ್ಲದ ಗೈರು ಭಾರತದಿಂದಲೇ ಆಗಬೇಕು.

ಹೆಸರು ಹೇಳದೆ ಒಂದು ಕುಟುಂಬದ ಪ್ರಸಂಗವನ್ನು ಇಲ್ಲಿ ವಿವರಿಸುತ್ತೇನೆ. ಗದಗಿನ ಕಡೆಯಿಂದ ಬಂದ ಅಣ್ಣ-ತಮ್ಮ ಮತ್ತು ಒಬ್ಬ ಮರಾಠಿ ಗೆಳೆಯ ಸೇರಿ ಭೋಸರಿಯಲ್ಲಿ ಕಟ್ಟಿದ ಖಾಸಗಿ ಕಂಪನಿ ಅದು. ಮೂವರೂ ನಿರ್ದೇಶಕರು. 2022ರ ಜೂನ್‌ನಲ್ಲಿ ಅಣ್ಣ ನ್ಯೂಜೆರ್ಸಿಗೆ ಹೋಗಿ ನವೆಂಬರ್‌ನಲ್ಲಿ ಮರಳುವುದೆಂದು ನಿಶ್ಚಯವಾಗಿತ್ತು. ಅವರ ಮಗ ಕಾರ್ಖಾನೆಯ ಲೆಕ್ಕ ನೋಡುತ್ತಿದ್ದ, ನಿರ್ದೇಶಕನಾಗಿರಲಿಲ್ಲ. ತಮ್ಮ ನನ್ನಲ್ಲಿಗೆ ಬಂದು, “ಅಣ್ಣ ಮಗನ ಹೆಸರಿಗೆ ಒಂದು ಮುಖ್ತ್ಯಾರ್ ಪತ್ರ ಬರೆದು ಕೊಟ್ಟರ ಮುಗೀತಲ್ರೀ?” ಎಂದು ಕೇಳಿದರು.

ಮುಗಿಯುವುದಿಲ್ಲ. ಹೊಲ-ಮನೆಯ ವ್ಯವಹಾರವನ್ನು ಮುಖ್ತ್ಯಾರ್ ಪತ್ರದಿಂದ ಇನ್ನೊಬ್ಬರ ಕೈಗೆ ಕೊಡಬಹುದು. ನಿರ್ದೇಶಕನ ಹುದ್ದೆಯನ್ನು ಕೊಡಲಾಗದು. ಕಾಯಿದೆಯ 166ನೆಯ ಕಲಮು ಹಾಗೆ ವಹಿಸಿಕೊಟ್ಟದ್ದು ಶೂನ್ಯವೆಂದೇ ಹೇಳುತ್ತದೆ. ಮತ್ಯಾರೋ ಅವರಿಗೆ ಇನ್ನೂ ಸುಲಭದ ದಾರಿ ತೋರಿಸಿದ್ದರು: ಅಣ್ಣ ರಾಜೀನಾಮೆ ಕೊಡಲಿ, ಮಗ ಆ ಜಾಗಕ್ಕೆ ಬರಲಿ, ಅಣ್ಣ ಮರಳಿದ ಮೇಲೆ ಅದಲು ಬದಲು ಮಾಡಿಕೊಂಡರಾಯಿತು. ಇದು ಸುಲಭವಷ್ಟೇ ಅಲ್ಲ, ಅಪಾಯಕಾರಿಯೂ ಹೌದು. ರಾಜೀನಾಮೆ ಕಂಪನಿಯ ಕೈ ಸೇರಿದ ದಿನ, ಅಥವಾ ಅದರಲ್ಲಿ ಮುಂದಿನ ದಿನಾಂಕವಿದ್ದರೆ ಆ ದಿನ, ಕುರ್ಚಿ ಅಣ್ಣನದಾಗಿ ಉಳಿಯುವುದಿಲ್ಲ. ಮರಳಿ ಬಂದಾಗ ಅದನ್ನು ಹಿಂದಿರುಗಿಸಲೇಬೇಕೆಂಬ ಹಂಗು ಯಾರಿಗೂ ಇಲ್ಲ. ಕಟ್ಟಿದವನೇ ಹೊಸಬನಂತೆ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ.

ಉಳಿದದ್ದು 161ನೆಯ ಕಲಮಿನ ಎರಡನೆಯ ಉಪಕಲಮು, ಅಂದರೆ ಪರ್ಯಾಯ ನಿರ್ದೇಶಕನ ದಾರಿ. ಇಲ್ಲಿ ನೇಮಿಸುವುದು ಹೊರಡುವವನಲ್ಲ, ಮಂಡಳಿ. ಹೊರಡುವವನು ಹೆಸರು ಸೂಚಿಸಬಹುದು, ಅಷ್ಟೇ. ಮಂಡಳಿಗಾದರೂ ಆ ಅಧಿಕಾರ ತಾನಾಗಿ ಇರುವುದಿಲ್ಲ. ಕಂಪನಿಯ ನಿಯಮಾವಳಿಯಲ್ಲಿರಬೇಕು, ಇಲ್ಲವೇ ಸರ್ವಸದಸ್ಯರ ಸಭೆ ಠರಾವು ಮಾಡಿ ಕೊಡಬೇಕು. ಈ ಕಂಪನಿಯ ನಿಯಮಾವಳಿಯಲ್ಲಿ ಅಂಥ ಮಾತಿರಲಿಲ್ಲ. ಆದ್ದರಿಂದ ಮೇ ತಿಂಗಳಲ್ಲಿ ಸದಸ್ಯರೆಲ್ಲರ ಒಪ್ಪಿಗೆ ಪಡೆದು, 21 ದಿನಗಳ ನೋಟೀಸಿನ ಬದಲು ಅಲ್ಪಾವಧಿ ನೋಟೀಸಿನಲ್ಲಿ ಸಭೆ ಕರೆದು ಆ ಠರಾವು ಮಾಡಿದೆವು. ಬಳಿಕ ಮಂಡಳಿ ಸೇರಿ, ಅಣ್ಣ ಭಾರತ ಬಿಡುವ ದಿನದಿಂದ ಅನ್ವಯವಾಗುವಂತೆ ಮಗನನ್ನು ನೇಮಿಸಿತು. ತಮ್ಮನನ್ನೋ ಗೆಳೆಯನನ್ನೋ ನೇಮಿಸುವಂತಿರಲಿಲ್ಲ: ಅದೇ ಕಂಪನಿಯಲ್ಲಿ ಆಗಲೇ ನಿರ್ದೇಶಕನಾಗಿರುವವನು, ಅಥವಾ ಅಲ್ಲಿ ಬೇರೊಬ್ಬನಿಗೆ ಪರ್ಯಾಯವಾಗಿರುವವನು ಈ ಕುರ್ಚಿಗೆ ಸಲ್ಲ. ಒಬ್ಬ ಮನುಷ್ಯ ಎರಡು ಮತ ಹಾಕುವಂತಾಗಬಾರದು. ಮಗನಿಗೆ ನಿರ್ದೇಶಕ ಸಂಖ್ಯೆ ಪಡೆದು, DIR-2 ನಮೂನೆಯಲ್ಲಿ ಅವನ ಒಪ್ಪಿಗೆ ಬರೆಸಿಕೊಂಡು, ನೇಮಕದ 30 ದಿನಗಳೊಳಗೆ DIR-12 ಸಲ್ಲಿಸಿದ್ದಾಯಿತು. ಟಿಕೆಟ್ಟಿನ ಪ್ರತಿಯನ್ನು ಕಡತದಲ್ಲಿಟ್ಟೆ, ಮೂರು ತಿಂಗಳಿಗೆ ಮೀರಿದ ಪ್ರಯಾಣವೆಂಬುದಕ್ಕೆ ಅದೇ ಸಾಕ್ಷಿ.

ಆಗಸ್ಟ್‌ನಲ್ಲಿ ಮೊದಲ ಬಿಕ್ಕಟ್ಟು ಬಂತು. ಬ್ಯಾಂಕಿನ ಸಾಲದಿಂದ ಒಂದು ಸಿಎನ್‌ಸಿ ಯಂತ್ರ ಕೊಳ್ಳುವ ವಿಷಯ ಮಂಡಳಿಯ ಮುಂದಿತ್ತು. ಹಿಂದಿನ ರಾತ್ರಿ ತಂದೆ ನ್ಯೂಜೆರ್ಸಿಯಿಂದ ಫೋನು ಮಾಡಿ “ಬ್ಯಾಡ ಅಂತ ಹೇಳು” ಎಂದಿದ್ದರು. ಲೆಕ್ಕ ನೋಡಿದ್ದ ಮಗನಿಗೆ ಯಂತ್ರ ಬೇಕೆಂದೇ ಅನಿಸಿತ್ತು. “ನಾನು ಅಪ್ಪನ ಮಾತು ಹೇಳಬೇಕೋ, ನನ್ನ ಮಾತು ಹೇಳಬೇಕೋ?” ಎಂದು ನನ್ನನ್ನು ಕೇಳಿದ. ಪರ್ಯಾಯ ನಿರ್ದೇಶಕ ತಂದೆಯ ಧ್ವನಿಯಲ್ಲ. ಕುರ್ಚಿಯಲ್ಲಿರುವಷ್ಟು ಕಾಲ ಅವನೇ ನಿರ್ದೇಶಕ. ಸ್ವಂತ ವಿವೇಚನೆಯಿಂದ ನಿರ್ಧರಿಸಬೇಕೆಂಬ 166ನೆಯ ಕಲಮಿನ ಕರ್ತವ್ಯ ಅವನದು, ತಪ್ಪಿದರೆ ಹೊಣೆಯೂ ಅವನದೇ. ತಂದೆಗೆ ತಾನೇ ಮಾತಾಡಬೇಕೆನಿಸಿದರೆ ಬೇರೆ ದಾರಿಯಿದೆ. ವಿಡಿಯೋ ಮೂಲಕ ಸಭೆಗೆ ಹಾಜರಾಗಲು ಕಾನೂನು ಅವಕಾಶ ಕೊಟ್ಟಿದೆ. ಆದರೆ ಆಗ ಮತ ಒಂದೇ, ಅದು ತಂದೆಯದು. ಮಗ ಅಂದಿನ ಮಟ್ಟಿಗೆ ಕೇಳುಗ. ವಿಷಯವನ್ನು ಒಂದು ವಾರ ಮುಂದೂಡಿ, ಇಲ್ಲಿಯ ಸಂಜೆ ಆರೂವರೆಗೆ, ಅಲ್ಲಿಯ ಬೆಳಗಿನ ಒಂಬತ್ತಕ್ಕೆ ಸಭೆ ನಡೆಯಿತು. ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡೇ ತಂದೆ ಮಗನ ಲೆಕ್ಕವನ್ನು ಪೂರ್ತಿ ಕೇಳಿ, ಕಂತುಗಳ ಅವಧಿ ಹೆಚ್ಚಿಸುವುದಾದರೆ ತನ್ನ ಒಪ್ಪಿಗೆಯಿದೆ ಎಂದರು.

ಪರ್ಯಾಯ ನಿರ್ದೇಶಕನ ಅಧಿಕಾರ ಮುಗಿಯುವುದು ಮೂಲ ನಿರ್ದೇಶಕ ಭಾರತಕ್ಕೆ ಮರಳಿದಾಗ. ಎರಡು ದಿನದ ಮದುವೆಗೆ ಬಂದರೂ ಮರಳಿದಂತೆಯೇ. ಮತ್ತೆ ದೀರ್ಘ ಕಾಲಕ್ಕೆ ಹೊರಟರೆ ಹೊಸ ನೇಮಕವೇ ಆಗಬೇಕು. ಹಳೆಯ ಕಡತಗಳನ್ನು ಪರಿಶೀಲಿಸುವಾಗ ಪಾಸ್‌ಪೋರ್ಟಿನ ಆಗಮನ ಮುದ್ರೆಯ ದಿನಾಂಕವನ್ನು ನಡಾವಳಿ ಪುಸ್ತಕದ ಹಾಜರಿಯ ಪಕ್ಕದಲ್ಲಿಟ್ಟು ನೋಡಿದರೆ ಸಾಕು, ಯಾವ ಸಭೆಯಲ್ಲಿ ಅಧಿಕಾರವಿಲ್ಲದವನು ಕೂತಿದ್ದನೆಂಬುದು ತಿಳಿದುಬಿಡುತ್ತದೆ.

ಈ ಕುಟುಂಬದಲ್ಲಿ ಆ ಮುದ್ರೆ ಬೀಳಲೇ ಇಲ್ಲ. ಅಕ್ಟೋಬರ್‌ನಲ್ಲಿ ಅಣ್ಣ ಅಲ್ಲಿಯೇ ಹೃದಯಾಘಾತದಿಂದ ತೀರಿಕೊಂಡರು.

ದುಃಖದ ನಡುವೆಯೂ ಬ್ಯಾಂಕು ಕಾಯುತ್ತಿತ್ತು. ಸಾಲದ ಕಾಗದಗಳಿಗೆ ‘ಪರ್ಯಾಯ ನಿರ್ದೇಶಕ’ನೆಂದು ಮಗ ಸಹಿ ಹಾಕಬೇಕಾಗಿತ್ತು. ನವೆಂಬರ್‌ವರೆಗೆ ನೇಮಕ ಇದೆಯಲ್ಲ ಎಂಬುದು ಎಲ್ಲರ ಎಣಿಕೆ. ಆದರೆ ಪರ್ಯಾಯ ನಿರ್ದೇಶಕ ಮೂಲ ನಿರ್ದೇಶಕನಿಗಿಂತ ಒಂದು ದಿನವೂ ಹೆಚ್ಚು ಉಳಿಯಲಾರ. ತಂದೆ ತೀರಿದ ದಿನವೇ ಮಗನ ಅಧಿಕಾರವೂ ತೀರಿತ್ತು. ಅದುವರೆಗೆ ಊರಲ್ಲಿಲ್ಲದವನ ಕುರ್ಚಿಯಾಗಿದ್ದದ್ದು ಈಗ ತೆರವಾದ ಕುರ್ಚಿ. ಕಾನೂನು ಇದನ್ನು ಆಕಸ್ಮಿಕ ತೆರವು ಎನ್ನುತ್ತದೆ: ಅವಧಿ ಮುಗಿಯುವ ಮುನ್ನವೇ ಸಾವು, ರಾಜೀನಾಮೆ, ಅನರ್ಹತೆಯಂಥ ಕಾರಣಕ್ಕೆ ಖಾಲಿಯಾದ ಸ್ಥಾನ.

ಇದನ್ನು ತುಂಬುವ ಅಧಿಕಾರವೂ ಮಂಡಳಿಯದೇ, 161ನೆಯ ಕಲಮಿನ ನಾಲ್ಕನೆಯ ಉಪಕಲಮಿನಡಿ. ಅದಕ್ಕೆ ಒಂದು ಷರತ್ತಿದೆ: ಹೋದವರು ಸರ್ವಸದಸ್ಯರ ಸಭೆಯಲ್ಲಿ ನೇಮಕಗೊಂಡವರಾಗಿರಬೇಕು. ಅಣ್ಣನಾದರೋ ಕಂಪನಿ ಹುಟ್ಟಿದಾಗ ನಿಯಮಾವಳಿಯಲ್ಲೇ ಹೆಸರಿಸಿದ್ದ ಮೊದಲ ನಿರ್ದೇಶಕ. ಹಾಗೆಯೇ ಉಳಿದಿದ್ದರೆ ಈ ಕಲಮು ಅನ್ವಯಿಸುತ್ತಿರಲಿಲ್ಲ. ಹಳೆಯ ನಡಾವಳಿ ಪುಸ್ತಕಗಳನ್ನು ತರಿಸಿ ಹುಡುಕಿದಾಗ, ಮೊದಲ ವಾರ್ಷಿಕ ಸಭೆಯ ಪುಟದಲ್ಲಿ ಮೂವರನ್ನೂ ಸದಸ್ಯರು ನೇಮಿಸಿದ ಠರಾವು ಸಿಕ್ಕಿತು, ಅಣ್ಣನದೇ ಕೈಬರಹದಲ್ಲಿ.

ಈಗ ಆಯ್ಕೆ ಇಬ್ಬರ ಕೈಯಲ್ಲಿತ್ತು. ಮಂಡಳಿಯಲ್ಲಿ ಉಳಿದವರು ತಮ್ಮ ಮತ್ತು ಗೆಳೆಯ, ಸಭೆಗೆ ಬೇಕಾದ ಕನಿಷ್ಠ ಹಾಜರಿಯೂ ಇಬ್ಬರೇ. ಮಗನನ್ನೇ ತುಂಬಬೇಕೆಂದು ಕಾನೂನು ಎಲ್ಲಿಯೂ ಹೇಳುವುದಿಲ್ಲ. ಕುರ್ಚಿ ಆಸ್ತಿಯಲ್ಲ, ವಾರಸುದಾರಿಕೆಗೆ ಬರುವುದಿಲ್ಲ. ತಮ್ಮನಿಗೂ ಓದು ಮುಗಿಸಿದ ಮಗನಿದ್ದ. ಆ ವಾರ ಆ ಮನೆಯಲ್ಲಿ ಯಾರೂ ಆಡದ ಮಾತು ಅದೊಂದೇ ಆಗಿತ್ತು. ಮಂಡಳಿಯ ಕೈಗೂ ಒಂದು ಕಡಿವಾಣವಿದೆ: ಅದು ತುಂಬಿದ ಹೆಸರನ್ನು ಮುಂದಿನ ಸರ್ವಸದಸ್ಯರ ಸಭೆ ಒಪ್ಪಬೇಕು. ಮೊದಲು ಸಾರ್ವಜನಿಕ ಕಂಪನಿಗಳಿಗಷ್ಟೇ ಅನ್ವಯಿಸುತ್ತಿದ್ದ ಈ ಉಪಕಲಮು 2018ರ ಮೇ ತಿಂಗಳಿಂದ ಖಾಸಗಿ ಕಂಪನಿಗಳಿಗೂ ಅನ್ವಯಿಸುತ್ತದೆ, ಸದಸ್ಯರ ಒಪ್ಪಿಗೆಯ ಮಾತು ಸೇರಿದ್ದೂ ಆಗಲೇ. ಅತ್ತಿಗೆಯ ಹೆಸರಿನಲ್ಲೂ ಷೇರುಗಳಿದ್ದವು. ಹನ್ನೊಂದನೆಯ ದಿನ ಸಭೆ ಸೇರಿದಾಗ ತಮ್ಮನೇ ಬಾಯಿ ಬಿಟ್ಟು, “ಅಣ್ಣನ ಜಾಗಾಕ್ಕ ಅಣ್ಣನ ಮಗಾನ ಬರಲಿ” ಎಂದರು. ಗೆಳೆಯ ಅನುಮೋದಿಸಿದರು. ಡಿಸೆಂಬರ್‌ನಲ್ಲಿ ಸದಸ್ಯರ ಸಭೆ ಕರೆದು ಅದನ್ನು ಒಪ್ಪಿಸಿಕೊಂಡೆವು.

ಹೀಗೆ ಬಂದವನು ಹೋದವರ ಉಳಿದ ಅವಧಿಯನ್ನಷ್ಟೇ ಪಡೆಯುತ್ತಾನೆ. ಐದು ವರ್ಷಕ್ಕೆ ನೇಮಕಗೊಂಡವರು ಎರಡನೆಯ ವರ್ಷದ ಕೊನೆಗೆ ತೀರಿಕೊಂಡರೆ ಅವರ ಜಾಗಕ್ಕೆ ಬಂದವನಿಗೆ ಸಿಗುವುದು ಮೂರು ವರ್ಷ. ಈ ಖಾಸಗಿ ಕಂಪನಿಯಲ್ಲಿ ಅಣ್ಣನಿಗೆ ಅವಧಿಯ ಮಿತಿ ಇರಲಿಲ್ಲ, ಆದ್ದರಿಂದ ಮಗನಿಗೂ ಇಲ್ಲ.

ನಿರ್ದೇಶಕರ ರಿಜಿಸ್ಟರಿನಲ್ಲಿ ಈಗ ಅವನ ಹೆಸರು ಎರಡು ಸಲ ಬರುತ್ತದೆ. ಮೊದಲ ಸಾಲಿನಲ್ಲಿ ಪರ್ಯಾಯ ನಿರ್ದೇಶಕ, ಮುಕ್ತಾಯದ ದಿನಾಂಕ ತಂದೆಯ ಸಾವಿನ ದಿನ. ಎರಡನೆಯ ಸಾಲಿನಲ್ಲಿ ನಿರ್ದೇಶಕ, ಹೊಸ ಒಪ್ಪಿಗೆ ಪತ್ರದೊಂದಿಗೆ. ಎರಡರ ನಡುವೆ ಹನ್ನೊಂದು ದಿನಗಳಿವೆ. ಆ ದಿನಗಳಲ್ಲಿ ಅವನು ಎಂದಿನಂತೆ ಕಾರ್ಖಾನೆಗೆ ಬಂದು ಲೆಕ್ಕ ಬರೆಯುತ್ತಿದ್ದ. ಬ್ಯಾಂಕಿನ ಒಂದು ಕಾಗದಕ್ಕೂ ಸಹಿ ಹಾಕಲಿಲ್ಲ.