ತಪ್ಪಿನ ಪುಸ್ತಕ: ನಮ್ಮ ವಾರಗಿತ್ತಿ ಒಂದು ವರ್ಷ ಓದಿದ್ದು

ನಮ್ಮ ಸಣ್ಣ ವಾರಗಿತ್ತಿ ಕೋಚಿಂಗಿಗೆ ಹೋಗ್ದೆ ಗ್ರಾಮ ಆಡಳಿತ ಅಧಿಕಾರಿ ಪರೀಕ್ಷೆಗೆ ಹೆಂಗೆ ಓದ್ತಾಳೆ ಅಂತ ಮೊಳಕಾಲ್ಮೂರು ಚಿಕ್ಕಮ್ಮನಿಂದ ಹಿಡಿದು ಪಕ್ಕದ ಮನೆ ಅಕ್ಕನ ತನಕ ಎಲ್ರೂ ಕೇಳಿದ್ರಿ. ಒಬ್ಬೊಬ್ರಿಗೆ ಹೇಳೋದಕ್ಕಿಂತ ಬರೆದೇ ಬಿಡ್ತೀನಿ. ಓದಿದ್ದು ಅವಳು. ಬೆಳಗ್ಗೆ ಒಲೆ ಮುಂದೆ ನಿಂತಿದ್ದು, ಭಾನುವಾರ ಗಡಿಯಾರ ಹಿಡ್ಕಂಡು ಕುಂತಿದ್ದು, ಉತ್ತರ ತಿದ್ದಿದ್ದು ನಾನು. ಹಂಗಾಗಿ ಲೆಕ್ಕ ಎಲ್ಲಾ ನನ್ ಹತ್ರ ಐತೆ.

ಹಿಂದೆ ಈ ಕೆಲಸಕ್ಕೆ ಗ್ರಾಮ ಲೆಕ್ಕಿಗರು ಅಂತಿದ್ರಲ್ಲ, ಆಗ ಪಿಯುಸಿ ಅಂಕ ನೋಡಿ ತಗಂತಿದ್ರು. ಇವಳ ಪಿಯುಸಿ ಅಂಕ ಸಾಧಾರಣ, ಅದ್ಕೆ ಆ ಕಡೆ ತಲೆನೇ ಹಾಕಿರ್ಲಿಲ್ಲ. 2024ರಲ್ಲಿ ಪರೀಕ್ಷೆ ಬರೆಸಿ ತಗಳೋದು ಶುರುವಾಯ್ತು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದೋರು ಅಕ್ಟೋಬರ್ 27ಕ್ಕೆ ಅದನ್ನ ನಡೆಸಿದ್ರು. ಇವಳಿಗೀಗ 36. ನಮ್ಮ 2ಎ ಪ್ರವರ್ಗಕ್ಕೆ ಸಾಮಾನ್ಯವಾಗಿ 38ರ ತನಕ ಅವಕಾಶ. ಚಳ್ಳಕೆರೆ ಬಟ್ಟೆ ಅಂಗಡಿಯಲ್ಲಿ ಬೆಳಗ್ಗೆ ಒಂಬತ್ತೂವರೆಯಿಂದ ರಾತ್ರಿ ಎಂಟರ ತನಕ ಬಿಲ್ ಹಾಕೋ ಕೆಲಸ, ಅದನ್ನ ಬಿಡಂಗಿಲ್ಲ. ಇರೋದ್ರಲ್ಲೇ ಒಂದು ವರ್ಷ ಹೊಂದಿಸ್ಬೇಕಿತ್ತು.

ಮೊದ್ಲು ಪರೀಕ್ಷೆ ಹೆಂಗೈತೆ ಅಂತ ಹೇಳ್ತೀನಿ. ಕಡ್ಡಾಯ ಕನ್ನಡ ಒಂದು, 150ಕ್ಕೆ 50 ಬಂದ್ರೆ ಪಾಸು. ಆ ಅಂಕ ಆಯ್ಕೆಗೆ ಸೇರಲ್ಲ. ಆಯ್ಕೆಗೆ ಸೇರೋದು ಎರಡು ಪತ್ರಿಕೆ, ಒಂದೊಂದಕ್ಕೆ 100 ಅಂಕ, ಎರಡೆರಡು ಗಂಟೆ. ಒಂದನೇದು ಸಾಮಾನ್ಯ ಜ್ಞಾನ. ಎರಡನೇದ್ರಲ್ಲಿ ಕನ್ನಡ 35, ಇಂಗ್ಲಿಷ್ 35, ಕಂಪ್ಯೂಟರ್ 30. ಒಂದು ತಪ್ಪು ಉತ್ತರಕ್ಕೆ ಕಾಲು ಅಂಕ ಕಳೀತಾರೆ. ಈ ಕಾಲು ಅಂಕನೇ ಆಮೇಲೆ ನಮ್ಮ ಓದಿನ ದಾರಿನೇ ಬದಲಾಯಿಸ್ತು.

ಟೈಮು ಸಿಕ್ಕಿದ್ದು ಬೆಳಗಿನ ಐದರಿಂದ ಆರೂವರೆ, ರಾತ್ರಿ ಅರ್ಧ ಗಂಟೆ, ಭಾನುವಾರ ನಾಲ್ಕು ಗಂಟೆ. ವಾರಕ್ಕೆ 16 ಗಂಟೆ ಆಯ್ತು. ದೀಪಾವಳಿ, ಮದುವೆ ಸೀಸನ್ನು, ಮಕ್ಳಿಗೆ ಜ್ವರ, ನಮ್ಮ ತವರಿನ ಜಾತ್ರೆ ಅಂತ ಎಂಟು ವಾರ ಮೊದ್ಲೇ ತೆಗೆದಿಟ್ವಿ. ಉಳಿದ 44 ವಾರಕ್ಕೆ ಹತ್ರತ್ರ 700 ಗಂಟೆ. ರಜದ ವಾರಗಳನ್ನ ಲೆಕ್ಕದಲ್ಲೇ ಬಿಟ್ಟಿದ್ರಿಂದ "ಹಿಂದೆ ಬಿದ್ದೆ ಅಕ್ಕ" ಅಂತ ಅವಳು ಅಳೋದು ತಪ್ತು.

ಮೊದಲ ನಾಲ್ಕು ತಿಂಗಳು ಎರಡನೇ ಪತ್ರಿಕೆ ಒಂದೇ. ಎಲ್ರೂ ಮೊದ್ಲು ಪ್ರಚಲಿತ ವಿದ್ಯಮಾನದ ಪುಸ್ತಕ ತಗಂತಾರೆ, ಪರೀಕ್ಷೆ ಹೊತ್ತಿಗೆ ಅದು ಹಳೇದಾಗಿರ್ತೈತೆ. ಸಂಧಿ, ಸಮಾಸ ಹಳೇದಾಗಲ್ಲ. ಮಳೆಗಾಲ ಆದೇಶ ಸಂಧಿ, ಮನೆಯಲ್ಲಿ ಆಗಮ ಸಂಧಿ, ಊರೂರು ಲೋಪ ಸಂಧಿ, ಮಹೋತ್ಸವ ಗುಣಸಂಧಿ. ರೊಟ್ಟಿ ತಟ್ತಾ ನಾನೊಂದು ಪದ ಹೇಳ್ತಿದ್ದೆ, ಅವಳು ಬಿಡಿಸಿ ಹೇಳ್ತಿದ್ಲು. ಕಂಪ್ಯೂಟರಿಗೆ ಅಂಗಡಿ ಕೆಲಸನೇ ಅರ್ಧ ಪಾಠ ಆಯ್ತು.

ಆಮೇಲಿನ ಐದು ತಿಂಗಳು ಸಾಮಾನ್ಯ ಜ್ಞಾನ. ಆರರಿಂದ ಹತ್ತನೇ ತರಗತಿ ತನಕದ ಸಮಾಜ, ವಿಜ್ಞಾನದ ಸರ್ಕಾರಿ ಪುಸ್ತಕಗಳೇ ಬುಡ. ದಪ್ಪ ಗೈಡಿನಲ್ಲಿ ಬಿಡಿಬಿಡಿ ಸಾಲು ಇರ್ತಾವೆ, ಒಂದಕ್ಕೊಂದು ಕೂಡಲ್ಲ. ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿ ನೋಡ್ರಿ. ಅಶೋಕನ ಶಾಸನ ಐತೆ ಅಂತ ನಮಗೆಲ್ಲ ಗೊತ್ತು. ಅದನ್ನ ಬಿ.ಎಲ್. ರೈಸ್ 1892ರಲ್ಲಿ ಗುರುತಿಸಿದ್ದು, ಹತ್ರದ ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲೂ ಶಾಸನ ಇರೋದು, ಅದ್ರಲ್ಲಿ ಇಸಿಲ ಅನ್ನೋ ಊರಿನ ಹೆಸರು ಬರೋದು, ಬರೆದೋನು ಚಪಡ, 1947ರಲ್ಲಿ ವೀಲರ್ ಅಲ್ಲಿ ಉತ್ಖನನ ಮಾಡಿಸಿದ್ದು, ಅಶೋಕ ಅನ್ನೋ ಹೆಸರೇ ಇರೋದು ಮಸ್ಕಿ ಶಾಸನದಲ್ಲಿ. ಒಂದು ಗೊತ್ತಿರೋ ಜಾಗಕ್ಕೆ ಹಿಂಗೆ ಐದಾರು ವಿಷಯ ಕಟ್ಟಿದ್ರೆ ಒಂದು ಎಳೆದ್ರೆ ಎಲ್ಲಾ ಬರ್ತಾವೆ. ರಾತ್ರಿ ಅರ್ಧ ಗಂಟೆ ಹೊಸದು ಓದಂಗಿರ್ಲಿಲ್ಲ. ಪುಸ್ತಕ ಮುಚ್ಚಿ, ಬೆಳಗ್ಗೆ ಓದಿದ್ರಲ್ಲಿ ಐದು ವಿಷಯ ಹೇಳ್ಬೇಕು. ಮೂರು ದಾಟ್ಲಿಲ್ಲ ಅಂದ್ರೆ ಆ ಪಾಠ ಕಣ್ಣಾಡಿಸಿದ್ದಷ್ಟೇ, ಓದಿದ್ದಲ್ಲ. ನಾಳೆ ಮತ್ತೆ ಅದೇ.

ಕೊನೆ ಮೂರು ತಿಂಗಳು ಪ್ರಚಲಿತ ವಿದ್ಯಮಾನ, ಜೊತೆಗೆ ಭಾನುವಾರ ಗಡಿಯಾರ ಇಟ್ಟು ಎರಡೆರಡು ಗಂಟೆ ಹಳೇ ಪ್ರಶ್ನೆಪತ್ರಿಕೆ. ಇಲ್ಲೇ ನೋಡ್ರಿ ನಿಜವಾದ ಓದು. ಉತ್ತರ ಹಾಕುವಾಗ ಪಕ್ಕದಲ್ಲಿ ಗುರುತು ಮಾಡು ಅಂದೆ: ಗೊತ್ತಿದ್ರೆ ಸರಿ ಗುರುತು, ಎರಡ್ರಲ್ಲಿ ಒಂದು ಅನ್ಸಿದ್ರೆ ಎರಡು ಗೀಟು, ಸುಮ್ನೆ ಊಹೆ ಆದ್ರೆ ಸೊನ್ನೆ.

ಮೊದಲ ಭಾನುವಾರದ ಸಾಮಾನ್ಯ ಜ್ಞಾನದ ಲೆಕ್ಕ ಹಿಂಗಿತ್ತು. ಗೊತ್ತು ಅಂದಿದ್ದು 48. ಅದ್ರಲ್ಲಿ 44 ಸರಿ, 4 ತಪ್ಪು. ತಪ್ಪಿಗೆ 1 ಕಳೆದ್ರೆ 43 ಅಂಕ. ಎರಡ್ರಲ್ಲಿ ಒಂದು ಅಂದಿದ್ದು 24. 11 ಸರಿ, 13 ತಪ್ಪು, ಕಳೆದು ಉಳಿದಿದ್ದು 7.75. ಊಹೆ 20, 4 ಸರಿ, 16 ತಪ್ಪು. ನಾಲ್ಕು ಬಂತು, ನಾಲ್ಕು ಹೋಯ್ತು, ಸೊನ್ನೆ. ಬಿಟ್ಟಿದ್ದು 8. ಒಟ್ಟು 50.75.

ಆ ಇಪ್ಪತ್ತು ಊಹೆಗೆ ಅವಳು ಅರ್ಧ ಗಂಟೆ ಕಳೆದಿದ್ಲು. ನಾಲ್ಕು ಆಯ್ಕೆಯಲ್ಲಿ ಕುರುಡಾಗಿ ಹಾಕಿದ್ರೆ ನಾಲ್ಕಕ್ಕೆ ಒಂದು ಸರಿಯಾದೀತು. ಮೂರು ತಪ್ಪಿಗೆ ಮುಕ್ಕಾಲು ಹೋಗಿ ಉಳಿಯೋದು ಕಾಲು. ಎರಡನ್ನ ತೆಗೆದುಹಾಕೋಕೆ ಆದ್ರೆ ನಾಲ್ಕಕ್ಕೆ ಎರಡು ಸರಿ, ಅರ್ಧ ಹೋಗಿ ಒಂದೂವರೆ ಉಳೀತೈತೆ. ಅದ್ಕೆ ನಿಯಮ ಮಾಡಿದ್ವಿ: ಎರಡು ಆಯ್ಕೆ ತೆಗೆಯೋಕೆ ಆದ್ರೆ ಹಾಕು, ಇಲ್ಲಾಂದ್ರೆ ಮುಂದಿನ ಪ್ರಶ್ನೆಗೆ ಹೋಗು.

ಎರಡು ಗೀಟಿನ 13 ತಪ್ಪು, ಗೊತ್ತು ಅಂದು ತಪ್ಪಿದ 4, ಒಟ್ಟು 17. ಇವನ್ನ ಒಂದು ನೋಟ್‌ಬುಕ್ಕಿಗೆ ಇಳಿಸಿದ್ಲು: ಪ್ರಶ್ನೆ, ತಾನು ಹಾಕಿದ್ದು, ಸರಿ ಉತ್ತರ, ಯಾವ ಪಾಠದ್ದು. ಹದಿನೇಳರಲ್ಲಿ ಒಂಬತ್ತು ಸಂವಿಧಾನ, ಪಂಚಾಯತ್ ರಾಜ್ಯದ್ದೇ. ಹಂಗಂದ್ರೆ ಮುಂದಿನ ವಾರದ ಬೆಳಗಿನ ಪಾಠ ಯಾವ್ದು ಅಂತ ನಾವು ಯೋಚಿಸೋ ಹಂಗೇ ಇಲ್ಲ, ತಪ್ಪಿನ ಪುಸ್ತಕನೇ ಹೇಳ್ತು. ಎಂಟನೇ ಭಾನುವಾರಕ್ಕೆ ಊಹೆ ಮೂರಕ್ಕೆ ಇಳೀತು, ಅಂಕ 64 ಆಯ್ತು. ಆದ್ರೆ ಒಂದು ಎಚ್ಚರ: ಅದೇ ಪತ್ರಿಕೆನ ಎರಡನೇ ಸಲ ಬರೆದು ಬಂದ ಅಂಕ ನಂಬಬ್ಯಾಡ್ರಿ. ಅದು ಉತ್ತರದ ನೆನಪು, ವಿಷಯದ ನೆನಪಲ್ಲ.

ಓದಿನ ಜೊತೆ ಕಾಗದಪತ್ರನೂ ಈ ವರ್ಷದ ಕೆಲಸನೇ. ಒಂದರಿಂದ ಹತ್ತನೇ ತರಗತಿ ಹಳ್ಳಿಯಲ್ಲಿ ಓದಿದೋರಿಗೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದೋರಿಗೆ ಇನ್ನೊಂದು. ಎರಡಕ್ಕೂ ಶಾಲೆಯ ಪ್ರಮಾಣಪತ್ರ ಬೇಕು. ಜಾತಿ, ಆದಾಯದ್ದು ನಾಡಕಚೇರಿಯಿಂದ. ಅರ್ಜಿ ಹಾಕೋ ಕೊನೇ ದಿನದೊಳಗೆ ಕೈಯಲ್ಲಿರ್ಬೇಕು, ಆಮೇಲೆ ತಂದ್ರೆ ನಡೆಯಲ್ಲ. ಇನ್ನೊಂದು, ಬಳ್ಳಾರಿ ಸೀಮೆ ನಮಗೆ ಅಂಟಿಕೊಂಡೇ ಇದ್ರೂ ಅವರಿಗಿರೋ 371ಜೆ ಮೀಸಲಾತಿ ಮೊಳಕಾಲ್ಮೂರು, ಚಳ್ಳಕೆರೆಗೆ ಇಲ್ಲ. ಬಳ್ಳಾರಿ ನೆಂಟರ ಮಾತು ಕೇಳಿ ಆ ಕಾಲಂ ತುಂಬಬ್ಯಾಡ್ರಿ.

ಈಗ ಅಧಿಸೂಚನೆ ಕಾಯ್ತಾ ಇದಾಳೆ. ದಿನಕ್ಕೆ ಎರಡು ಗಂಟೆ ಬ್ಯಾಡ, ಬೆಳಗ್ಗೆ ಅರ್ಧ ಗಂಟೆ ತಪ್ಪಿನ ಪುಸ್ತಕ, ತಿಂಗಳಿಗೊಂದು ಹೊಸ ಪತ್ರಿಕೆ ಅಷ್ಟೇ ಸಾಕು ಅಂತ ಮಾಡ್ಕಂಡಿದೀವಿ. ಆ ನೋಟ್‌ಬುಕ್ಕಲ್ಲಿ ಈಗ 212 ಪ್ರಶ್ನೆ ಅವೆ, ಗೀಟು ಹೊಡೆದಿರೋದು 171. ನಿಮ್ಮನೇಲಿ ಯಾರಾದ್ರೂ ಓದ್ತಿದ್ರೆ ಬರ್ರಿ, ನೋಡ್ಕಂಡು ಹೋಗ್ರಿ. ಒಯ್ಯೋಕೆ ಮಾತ್ರ ಕೊಡಲ್ಲ, ಅವಳಿಗೆ ದಿನಾ ಬೇಕು.