15 ಹಾಡು ಕಡಿಮೆ

ಕ್ಲೌಡ್ ಚಂದಾ ನಿಲ್ಲಿಸಿ ಖಾತೆಯನ್ನೇ ಅಳಿಸುವ ಮೊದಲು ಗೂಗಲ್ ಟೇಕ್‌ಔಟ್‌ನಿಂದ ಕಡತಗಳನ್ನೆಲ್ಲ ಇಳಿಸಿಕೊಂಡೆ. ತಲಾ 2 ಜಿಬಿಯ 6 ಜಿಪ್‌ಗಳು. ಬಿಡಿಸಿ ಎಣಿಸಿದರೆ ನಂಜನಗೂಡಿನ ಸೋಬಾನೆ ಪದಗಳೆಲ್ಲ ಇದ್ದವು; ತಿ. ನರಸೀಪುರದ 15 ಹಾಡು ಇರಲಿಲ್ಲ. ಡ್ರೈವ್‌ನಲ್ಲೇನೋ ಕಾಣುತ್ತಿದ್ದವು. ಆದರೆ ಅವನ್ನು ರೆಕಾರ್ಡ್ ಮಾಡಿ ನನ್ನೊಡನೆ ಹಂಚಿಕೊಂಡಿದ್ದವಳು ಗೆಳತಿ, ಒಡೆತನವೂ ಅವಳದೇ. ಟೇಕ್‌ಔಟ್ ಕಟ್ಟಿಕೊಡುವುದು ನಮ್ಮ ಒಡೆತನದ್ದನ್ನಷ್ಟೇ.

ಆ ಹಾಡು ಹೇಳಿದ ಅಜ್ಜಿ ಈಗಿಲ್ಲ.

ಗೆಳತಿಯ ಫೋಲ್ಡರ್ ತೆರೆದು ಒಂದೊಂದನ್ನೇ ಇಳಿಸಿದೆ. ನೆಟ್ ಆಫ್ ಮಾಡಿ, ಪ್ರತಿ ಹಾಡನ್ನೂ ಕೊನೆಯವರೆಗೆ ಕೇಳಿದೆ. ಆಗ ಹೊಳೆಯಿತು: ನನ್ನ ಖಾತೆ ಹೋದರೆ ನಂಜನಗೂಡಿನವು ಅವಳಿಗೂ ಸಿಗುವುದಿಲ್ಲ. ಫೋನ್ ಮಾಡಿದೆ.

“ನಂಜನಗೂಡಿನವನ್ನು ಇಳಿಸಿಕೊಂಡೆಯೇನೇ?”

“ಇವತ್ತು ರಾತ್ರಿ ಕಣೆ, ಅಲ್ಲೀವರೆಗೂ ಅಳಿಸಬೇಡ.”

ಮರುದಿನ ಅಳಿಸಿದೆ.